ಯಂತ್ರ ಬರೆದದ್ದನ್ನು ಪೂರ್ತಿ ಪತ್ತೆ ಮಾಡೋಕ್ಕೆ ಆಗಲ್ಲ ಅಂತ ಪ್ರಿನ್ಸಿಪಾಲರು ಪ್ರಾರ್ಥನೆಯಲ್ಲೇ ಹೇಳಿದರು. ಹೇಳಬಹುದಿತ್ತಾ?

ಇಂಗ್ಲಿಷ್_ಟೀಚರ್_ತುಮಕೂರು

ನಾನು ತುಮಕೂರು ಜಿಲ್ಲೆಯ ಒಂದು ಶಾಲೆಯಲ್ಲಿ ಎಂಟು, ಒಂಬತ್ತನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಪ್ರಿನ್ಸಿಪಾಲ್ ಮೇಡಂ ಮಕ್ಕಳನ್ನು ಅಲ್ಲೇ ಕೂರಿಸಿಕೊಂಡು ಮಾತಾಡಿದರು. ಆವತ್ತಿನಿಂದ ಸ್ಟಾಫ್ ರೂಮಿನಲ್ಲಿ ಎರಡು ಗುಂಪಾಗಿದೆ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಹಿನ್ನೆಲೆ ಹೀಗಿದೆ. ಒಂಬತ್ತನೇ ಕ್ಲಾಸಿನವರಿಗೆ ತಮ್ಮ ಊರಿನ ಕೆರೆ ಬಗ್ಗೆ ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆದು, ಮನೆಯಿಂದ ಟೈಪ್ ಮಾಡಿ ಕಳಿಸಿ ಅಂದಿದ್ದೆವು. ಇನ್ನೊಬ್ಬ ಮೇಷ್ಟ್ರು ಬಂದದ್ದನ್ನೆಲ್ಲ ಅಂತರ್ಜಾಲದಲ್ಲಿ ಸಿಗುವ ಒಂದು ಉಚಿತ ಎಐ ಪತ್ತೆ ತಾಣಕ್ಕೆ ಹಾಕಿದರು. ಒಬ್ಬ ಹುಡುಗನ ಪ್ರಬಂಧಕ್ಕೆ ಶೇ 84 ಅಂತ ಬಂತು. ಅವನಿಗೆ ಸೊನ್ನೆ ಹಾಕಿ ಅಪ್ಪನನ್ನು ಕರೆಸಬೇಕು ಅಂತಾಯಿತು.

ಮೇಡಂ ಮೊದಲು ಹುಡುಗನನ್ನು ಕರೆದು ಕೂರಿಸಿಕೊಂಡರು. ಪ್ರಬಂಧವನ್ನು ಪಕ್ಕಕ್ಕಿಟ್ಟು, ನಿಮ್ಮ ಕೆರೆ ಬಗ್ಗೆ ಕನ್ನಡದಲ್ಲೇ ಹೇಳು ಅಂದರು. ತೂಬು ಎಲ್ಲಿದೆ, ಹೋದ ವರ್ಷ ಕೋಡಿ ಹರಿಯಿತಾ, ಯಾರ ಗದ್ದೆಗೆ ಮೊದಲು ನೀರು ಬಿಡುತ್ತಾರೆ, ಎಲ್ಲ ಹೇಳಿದ. ಅವನ ತಾತ ನೀರುಗಂಟಿ ಕೆಲಸ ಮಾಡಿದವರು. ಇದೆಲ್ಲ ಪ್ರಬಂಧದಲ್ಲಿ ಯಾಕಿಲ್ಲ ಅಂದರೆ, ಟ್ಯೂಷನ್‌ನಲ್ಲಿ ಪ್ರಬಂಧ ಅಂದರೆ ಹೀಗೇ ಶುರು ಮಾಡಬೇಕು, ಹೀಗೇ ಮುಗಿಸಬೇಕು ಅಂತ ಹೇಳಿಕೊಟ್ಟಿದ್ದಾರಂತೆ. ನೋಟ್‌ಬುಕ್ಕಿನಲ್ಲಿ ಆ ಸಾಲುಗಳೇ ಇದ್ದವು. ಆರನೇ ಕ್ಲಾಸಿಂದ ಅವನು ಅವನ್ನೇ ಬರೆಯುತ್ತಿದ್ದಾನೆ.

ಸೋಮವಾರ ಮೇಡಂ ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ.

"ನಿಮ್ಮಲ್ಲಿ ಕೆಲವರು ಮೊಬೈಲ್ ಹತ್ತಿರ ಪ್ರಬಂಧ ಬರೆಸಿಕೊಂಡಿದ್ದೀರಿ. ಯಾರು ಅಂತ ನನಗೆ ಪೂರ್ತಿ ಗೊತ್ತಿಲ್ಲ. ಕಂಡುಹಿಡಿಯುವ ಸಾಫ್ಟ್‌ವೇರ್ ಇದೆ, ಅದೂ ತಪ್ಪು ಹೇಳುತ್ತದೆ. ಬರೆಸಿಕೊಂಡವನನ್ನು ಬಿಡುತ್ತದೆ, ತಾನೇ ಬರೆದವನನ್ನು ಹಿಡಿಯುತ್ತದೆ. ಹಾಗಾಗಿ ಅದರ ನಂಬರ್ ನೋಡಿ ಈ ಶಾಲೆಯಲ್ಲಿ ಯಾರಿಗೂ ಶಿಕ್ಷೆ ಕೊಡಲ್ಲ. ಆದರೆ ನೀವು ಕೊಟ್ಟ ಯಾವ ಹಾಳೆ ಬಗ್ಗೆಯಾದರೂ ನಿಮ್ಮ ಟೀಚರ್ ಐದು ನಿಮಿಷ ಕೂತು ಕೇಳುತ್ತಾರೆ. ನಂಬರ್ ಬಂದವರನ್ನಷ್ಟೇ ಅಲ್ಲ, ಯಾರನ್ನು ಬೇಕಾದರೂ. ಪದದ ಅರ್ಥ ಹುಡುಕಿದ್ದೀರಾ, ಅನುವಾದ ಮಾಡಿಸಿದ್ದೀರಾ, ಕೊನೆಯಲ್ಲಿ ಒಂದು ಸಾಲು ಬರೆಯಿರಿ. ಅದಕ್ಕೆ ಮಾರ್ಕ್ಸ್ ಕಳೆಯಲ್ಲ. ಬರೆಯದೆ ಮುಚ್ಚಿಟ್ಟರೆ ಮಾತ್ರ ಆ ಪ್ರಬಂಧವನ್ನು ಕ್ಲಾಸಿನಲ್ಲಿ ಕೂತು ಮತ್ತೆ ಬರೆಯಬೇಕು. ನಿಮ್ಮ ಪ್ರಬಂಧ ಓದಿ ನನಗೆ ಆಗಬೇಕಾದ್ದು ಏನಿಲ್ಲ. ಬರೆಯುವಾಗ ನಿಮ್ಮ ತಲೆಯಲ್ಲಿ ಏನು ನಡೆಯಿತೋ ಅದಕ್ಕಾಗಿ ಬರೆಸುತ್ತೇವೆ."

ಒಂದು ಗುಂಪು ಹೇಳುವುದು, ಇದು ಕಳ್ಳನಿಗೆ ಬೀಗ ಕೆಟ್ಟಿದೆ ಅಂತ ಹೇಳಿದ ಹಾಗಾಯಿತು ಅಂತ. ನನಗೆ ಮೇಡಂ ಹೇಳಿದ್ದು ಸರಿ ಅನ್ನಿಸುತ್ತದೆ. ಆದರೆ ಯಾಕೆ ಸರಿ ಅಂತ ಸ್ಟಾಫ್ ರೂಮಿನಲ್ಲಿ ಹೇಳೋಕ್ಕೆ ಲೆಕ್ಕ ಬೇಕು. ತಿಳಿದವರು ಹೇಳಿ.

ಹಳೇ_ಹೆಡ್‌ಮಾಸ್ಟರ್

ನಾನು ಆ ಇನ್ನೊಂದು ಗುಂಪಿನವನು. ಮೂವತ್ತು ವರ್ಷ ಶಾಲೆ ನಡೆಸಿದ್ದೇನೆ. ಮಕ್ಕಳಿಗೆ ಭಯ ಅಂತ ಸ್ವಲ್ಪವಾದರೂ ಇರಬೇಕಮ್ಮ. ಹಿಡಿಯೋಕ್ಕೆ ಆಗಲ್ಲ ಅಂತ ಗೊತ್ತಾದರೆ ಮಾಡದಿದ್ದವನೂ ಮಾಡುತ್ತಾನೆ.

ಪರೀಕ್ಷೆಯನ್ನೇ ನೋಡಿ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ. ಮೇಲೆ ಕಣ್ಣಿದೆ ಅಂದಾಗ ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪ್ರಿನ್ಸಿಪಾಲರು ಕ್ಯಾಮೆರಾ ತೆಗೆಯುತ್ತೇವೆ ಅಂದ ಹಾಗಾಯಿತು ಇದು.

ಗಣಿತ_ಮೇಷ್ಟ್ರು

ಸರ್, ನೀವು ಹೇಳಿದ ಫಲಿತಾಂಶ ಸರಿ. ಆದರೆ ಅದು ಬೇರೆ ವಿಷಯ. ಕ್ಯಾಮೆರಾದಲ್ಲಿ ಹುಡುಗ ಚೀಟಿ ನೋಡುವುದು ಕಾಣುತ್ತದೆ. ಬೇಕಾದರೆ ಅವನ ಅಪ್ಪನಿಗೂ ತೋರಿಸಬಹುದು. ಪತ್ತೆ ತಾಣ ಏನನ್ನೂ ನೋಡಿರುವುದಿಲ್ಲ. ಮುಗಿದ ಪಠ್ಯವನ್ನು ಓದಿ ಊಹೆ ಮಾಡುತ್ತದೆ ಅಷ್ಟೆ.

ಲೆಕ್ಕ ಕೇಳಿದ್ದೀರಲ್ಲ ಮೇಡಂ, ಮಾಡೋಣ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಪತ್ತೆ ಸಾಧನ ಬಿಟ್ಟಿತ್ತು. ಕಂಪನಿ ತಾನೇ ಹೇಳಿಕೊಂಡಂತೆ, ಇಂಗ್ಲಿಷ್ ಬರಹಗಳ ಒಂದು ಪರೀಕ್ಷೆಯಲ್ಲಿ ಯಂತ್ರ ಬರೆದದ್ದರಲ್ಲಿ ಶೇ 26ನ್ನು ಅದು ಹಿಡಿಯಿತು. ಮನುಷ್ಯರು ಬರೆದದ್ದರಲ್ಲಿ ಶೇ 9ನ್ನು ಯಂತ್ರದ್ದು ಅಂತ ತಪ್ಪಾಗಿ ಹೇಳಿತು. ನಿಖರತೆ ಸಾಲದು ಅಂತ ಅದೇ ವರ್ಷ ಜುಲೈನಲ್ಲಿ ವಾಪಸ್ ತೆಗೆದುಕೊಂಡರು.

ಈಗ ನಿಮ್ಮ ಶಾಲೆಯಲ್ಲಿ 200 ಪ್ರಬಂಧ ಬಂತು ಅಂದುಕೊಳ್ಳಿ. 20 ಮಕ್ಕಳು ಬರೆಸಿಕೊಂಡಿದ್ದಾರೆ, 180 ಮಕ್ಕಳು ತಾವೇ ಬರೆದಿದ್ದಾರೆ. 20ರಲ್ಲಿ ಶೇ 26 ಅಂದರೆ ಸುಮಾರು 5 ಜನ ಸಿಕ್ಕಿಬೀಳುತ್ತಾರೆ. 180ರಲ್ಲಿ ಶೇ 9 ಅಂದರೆ ಸುಮಾರು 16 ಜನ. ಒಟ್ಟು 21 ಅಪ್ಪ ಅಮ್ಮಂದಿರನ್ನು ಕರೆಸುತ್ತೀರಿ. ಅವರಲ್ಲಿ 16 ಜನರ ಮಕ್ಕಳು ಏನೂ ತಪ್ಪು ಮಾಡಿಲ್ಲ. ತಪ್ಪು ಮಾಡಿದ 15 ಜನ ಆರಾಮಾಗಿ ಮನೆಯಲ್ಲಿದ್ದಾರೆ.

ಪ್ರಾಮಾಣಿಕರು ಹೆಚ್ಚಿರುವ ಕ್ಲಾಸಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ತಪ್ಪು ಮಾಡದವರ ಸಂಖ್ಯೆ ದೊಡ್ಡದಾದಷ್ಟೂ, ಅದರ ಚಿಕ್ಕ ಶೇಕಡಾವಾರು ಕೂಡ ಹೆಚ್ಚು ಮಕ್ಕಳಾಗುತ್ತದೆ.

ಕೋಡ್_ಬರೆಯುವವ

2023ರ ಲೆಕ್ಕ ಇಟ್ಟುಕೊಂಡು ಈಗ ಮಾತಾಡಬೇಡಿ ಸರ್. ಆಮೇಲೆ ಟೂಲ್‌ಗಳು ತುಂಬಾ ಸುಧಾರಿಸಿವೆ. ಈಗಿನವು ತಪ್ಪು ಮಾಡುವುದು ಶೇ 1ಕ್ಕಿಂತ ಕಡಿಮೆ. ಶೇ 84 ಬಂತು ಅಂದರೆ ನೂರಕ್ಕೆ 84ರಷ್ಟು ಅವನು ಕಾಪಿ ಹೊಡೆದಿದ್ದಾನೆ ಅಂತಲೇ ಅರ್ಥ. 16ರಷ್ಟು ಅನುಮಾನ ಇಟ್ಟುಕೊಂಡು ಎಷ್ಟು ದಿನ ಕೂರುತ್ತೀರಿ?

ಕಾಲೇಜು_ಲೈಬ್ರರಿ

ಇಲ್ಲಿ ಎರಡು ಮಾತಿವೆ, ಒಂದು ಅರ್ಧ ಸರಿ.

ಸುಧಾರಿಸಿವೆ ಅನ್ನೋದು ನಿಜ. ಯಂತ್ರ ಕೊಟ್ಟದ್ದನ್ನು ಹಾಗೇ ಅಂಟಿಸಿದ ಉದ್ದದ ಇಂಗ್ಲಿಷ್ ಬರಹವನ್ನು ಒಳ್ಳೆಯ ಟೂಲ್‌ಗಳು ಈಗ ಚೆನ್ನಾಗಿಯೇ ಹಿಡಿಯುತ್ತವೆ. ಆದರೆ ಶೇ 1ಕ್ಕಿಂತ ಕಡಿಮೆ ಅನ್ನೋದು ಕಂಪನಿಗಳ ಸ್ವಂತ ಮಾತು. ನಾವು ಕಾಲೇಜಿನಲ್ಲಿ ದುಡ್ಡು ಕೊಟ್ಟು ಬಳಸುವ ಟರ್ನಿಟಿನ್ ಆ ಮಾತು ಹೇಳುವಾಗಲೂ, ಬರಹದ ಶೇ 20ಕ್ಕಿಂತ ಹೆಚ್ಚು ಭಾಗ ಯಂತ್ರದ್ದು ಅಂತ ಬಂದಾಗ ಮಾತ್ರ ಅಂತ ಷರತ್ತು ಹಾಕುತ್ತದೆ. 300 ಪದಕ್ಕಿಂತ ಚಿಕ್ಕದಿದ್ದರೆ ಆ ಪರೀಕ್ಷೆಯನ್ನೇ ಮಾಡುವುದಿಲ್ಲ. ಶಾಲೆಯ ಎಷ್ಟು ಪ್ರಬಂಧ 300 ಪದ ದಾಟುತ್ತವೆ ಹೇಳಿ. ಉಚಿತ ತಾಣಗಳು ನಾಲ್ಕು ಸಾಲು ಹಾಕಿದರೂ ಒಂದು ನಂಬರ್ ಕೊಟ್ಟುಬಿಡುತ್ತವೆ. ಶಾಲೆಗಳು ಬಳಸುವುದು ಅವನ್ನೇ.

ಶೇ 1 ಅಂತಲೇ ಒಪ್ಪಿಕೊಂಡರೂ ಕೇಳಿ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2023ರ ಆಗಸ್ಟ್‌ನಲ್ಲಿ ಈ ಪತ್ತೆ ಸೌಲಭ್ಯವನ್ನು ಆಫ್ ಮಾಡಿತು. ಅವರು ಕೊಟ್ಟ ಕಾರಣಗಳಲ್ಲಿ ಒಂದು ಇದೇ ಲೆಕ್ಕ. ಹಿಂದಿನ ವರ್ಷ ಅವರಲ್ಲಿ 75,000 ಬರಹ ಸಲ್ಲಿಕೆಯಾಗಿದ್ದವು. ಶೇ 1 ಅಂದರೆ 750 ಬರಹಗಳ ಮೇಲೆ ಸುಳ್ಳು ಆರೋಪ.

ಎರಡನೇ ಮಾತು, ಶೇ 84ರ ಅರ್ಥ. ಅದು ಪೂರ್ತಿ ತಪ್ಪು. ಟರ್ನಿಟಿನ್‌ನಲ್ಲಿ 84 ಅಂದರೆ ಬರಹದ 84 ಪಾಲು ಯಂತ್ರದ್ದಿರಬಹುದು ಅಂತ. ಬೇರೆ ಕೆಲವು ತಾಣಗಳಲ್ಲಿ ಅದೇ ನಂಬರ್ ಆ ಸಾಧನಕ್ಕೆ ಎಷ್ಟು ಖಾತ್ರಿಯಿದೆ ಅಂತ. ಎರಡೂ ಬೇರೆ ಬೇರೆ. ಹುಡುಗ ತಪ್ಪಿತಸ್ಥನಾಗಿರುವ ಸಾಧ್ಯತೆ ಎಷ್ಟು ಅಂತ ಎರಡೂ ಹೇಳುವುದಿಲ್ಲ. ಅದನ್ನು ತಿಳಿಯೋಕ್ಕೆ ಕ್ಲಾಸಿನಲ್ಲಿ ಎಷ್ಟು ಜನ ಬರೆಸಿಕೊಂಡಿದ್ದಾರೆ ಅಂತ ಮೊದಲೇ ಗೊತ್ತಿರಬೇಕು. ಗೊತ್ತಿದ್ದರೆ ಟೂಲ್ ಯಾಕೆ ಬೇಕಿತ್ತು?

ಇಬ್ಬರು_ಮಕ್ಕಳ_ಅಮ್ಮ

ನನ್ನ ಮಗಳಿಗೆ ಹೀಗೇ ಆಯಿತು. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಂಟಕ್ಕೆ ಇಂಗ್ಲಿಷ್ ಶಾಲೆಗೆ ಹಾಕಿದೆವು. ರಾತ್ರಿ ಡಿಕ್ಷನರಿ ಇಟ್ಟುಕೊಂಡು ನನ್ನ ಮುಂದೆ ಕೂತು ಬರೆದಳು. ಶಾಲೆಯಲ್ಲಿ ಇದು ಎಐ ಬರೆದದ್ದು ಅಂದರು. ನಾನು ಹೋಗಿ ಹೇಳಿದೆ, ನೀವು ತಾಯಿ, ಹಾಗೇ ಹೇಳುತ್ತೀರಿ ಅಂದರು. ಆಮೇಲೆ ಅವಳು ಇಂಗ್ಲಿಷ್‌ನಲ್ಲಿ ಬರೆಯೋಕ್ಕೇ ಹೆದರುತ್ತಾಳೆ. ಬೇಕು ಅಂತಲೇ ತಪ್ಪು ಬಿಡುತ್ತಾಳೆ, ತಪ್ಪಿದ್ದರೆ ತಾನೇ ಬರೆದದ್ದು ಅಂತ ನಂಬುತ್ತಾರಂತೆ. ಇಂಥ ಮಕ್ಕಳಿಗೇ ಯಾಕೆ ಹೀಗಾಗುತ್ತದೆ ಅಂತ ಯಾರಾದರೂ ಹೇಳುತ್ತೀರಾ?

ಕಾಲೇಜು_ಲೈಬ್ರರಿ

ಅಕ್ಕ, ನಿಮ್ಮ ಮಗಳು ಏನೂ ತಪ್ಪು ಮಾಡಿಲ್ಲ. ಇದಕ್ಕೆ ಕಾರಣ ಇದೆ.

ಇಂಥ ಸಾಧನಗಳಲ್ಲಿ ಹಲವು ನೋಡುವುದು, ಮುಂದಿನ ಪದ ಎಷ್ಟು ಸುಲಭವಾಗಿ ಊಹಿಸಬಹುದು ಅಂತ. ಯಂತ್ರ ಸಾಮಾನ್ಯವಾಗಿ ಎಲ್ಲರೂ ನಿರೀಕ್ಷಿಸುವ ಪದವನ್ನೇ ಹಾಕುತ್ತಾ ಹೋಗುತ್ತದೆ. ಹಾಗಾಗಿ ಬರಹದಲ್ಲಿ ಎಲ್ಲೂ ಅಚ್ಚರಿಯಾಗದಿದ್ದರೆ ಯಂತ್ರದ್ದು ಅನ್ನುವ ಅನುಮಾನ. ಈಗ ಯೋಚನೆ ಮಾಡಿ. ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಹುಡುಗಿ ಏನು ಮಾಡುತ್ತಾಳೆ? ಗೊತ್ತಿರುವ ಸ್ವಲ್ಪ ಪದಗಳನ್ನೇ ಬಳಸುತ್ತಾಳೆ. ಪಾಠದಲ್ಲಿ ಬಂದ ವಾಕ್ಯದ ಮಾದರಿಯನ್ನೇ ಹಿಡಿಯುತ್ತಾಳೆ. ಹುಷಾರಾಗಿ ಬರೆಯುತ್ತಾಳೆ. ಸಾಧನಕ್ಕೆ ಅದೇ ಯಂತ್ರದ ಗುಣದಂತೆ ಕಾಣುತ್ತದೆ. ಮೇಡಂ ಹೇಳಿದ ಹುಡುಗನ ಟ್ಯೂಷನ್ ಸಾಲುಗಳದ್ದೂ ಇದೇ ಕತೆ.

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇದನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇ 61ನ್ನು ಯಂತ್ರ ಬರೆದದ್ದು ಅಂತ ಹೇಳಿದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳನ್ನು ಮಾತ್ರ ಹೆಚ್ಚುಕಡಿಮೆ ಸರಿಯಾಗಿ ಗುರುತಿಸಿದವು.

ಮುಂದೆ ನಡೆದದ್ದು ಇನ್ನೂ ಬೇಸರದ್ದು. ಆ 91 ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು, ಮಾತೃಭಾಷೆಯವರು ಬರೆದ ಹಾಗೆ ಪದಗಳನ್ನು ಚೆನ್ನಾಗಿ ಮಾಡು ಅಂದರು. ತಪ್ಪು ಆರೋಪ ಶೇ 61ರಿಂದ ಸುಮಾರು 12ಕ್ಕೆ ಇಳಿಯಿತು. ಅಂದರೆ ಯಂತ್ರದ ಕೈ ತಾಗಿದ ಮೇಲೆ ಅವು ಮನುಷ್ಯರದ್ದಾಗಿ ಕಂಡವು. ಸಾಧನ ನೋಡಿ ಶಿಕ್ಷೆ ಕೊಡುವ ಶಾಲೆಯಲ್ಲಿ ಮಗುವಿಗೆ ಬಚಾವಾಗುವ ದಾರಿ ಅಂದರೆ ಯಂತ್ರವನ್ನು ಬಳಸುವುದೇ. ಇದಕ್ಕಿಂತ ಕೆಟ್ಟ ಪಾಠ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಆ ಏಳು ಸಾಧನಗಳಲ್ಲಿ ಈಗಿನ ಎಷ್ಟೋ ಟೂಲ್‌ಗಳು ಇರಲಿಲ್ಲ, ಇದ್ದವೂ ಬದಲಾಗಿವೆ. ಹಾಗಾಗಿ ಶೇ 61 ಅನ್ನೋ ನಂಬರನ್ನೇ ಇವತ್ತಿಗೂ ಹಿಡಿದು ವಾದ ಮಾಡಬೇಡಿ. ಕಾರಣ ಮಾತ್ರ ಹಾಗೇ ಇದೆ.

ಕೋಡ್_ಬರೆಯುವವ

ಆಯ್ತು, 84ರ ಅರ್ಥ ನಾನು ಅಂದುಕೊಂಡದ್ದಲ್ಲ. ಆದರೂ ಒಂದು ಪ್ರಶ್ನೆ. ಟೂಲ್ ಬೇಡ ಅಂದರೆ ಟೀಚರ್ ಕಣ್ಣನ್ನು ನಂಬಬೇಕಾ? ಟೀಚರ್‌ಗೂ ಇಷ್ಟ, ಇಷ್ಟವಿಲ್ಲದ ಹುಡುಗರು ಅಂತ ಇರುತ್ತಾರೆ. ಚೆನ್ನಾಗಿ ಓದದ ಹುಡುಗ ಒಂದು ಸಲ ಚೆನ್ನಾಗಿ ಬರೆದರೆ ಮೊದಲು ಅನುಮಾನ ಅವನ ಮೇಲೇ. ಯಂತ್ರಕ್ಕೆ ಅದಾದರೂ ಇಲ್ಲ.

ಗಣಿತ_ಮೇಷ್ಟ್ರು

ಇದು ಸರಿಯಾದ ಪ್ರಶ್ನೆ. ಟೀಚರ್ ಊಹೆಯೂ ಸಾಕ್ಷಿ ಅಲ್ಲ. 2023ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬ ಅಧ್ಯಾಪಕರು ವಿದ್ಯಾರ್ಥಿಗಳ ಬರಹವನ್ನು ಚಾಟ್‌ಜಿಪಿಟಿಗೇ ಹಾಕಿ, ಇದನ್ನು ನೀನೇ ಬರೆದೆಯಾ ಅಂತ ಕೇಳಿದರು. ಅದು ಹೌದು ಅಂದದ್ದನ್ನು ನಂಬಿ ಕ್ಲಾಸಿನವರಿಗೆ ಗ್ರೇಡ್ ಕೊಡದೆ ತಡೆದರು. ಆ ಯಂತ್ರಕ್ಕೆ ತಾನು ಯಾರಿಗೆ ಏನು ಬರೆದುಕೊಟ್ಟೆ ಅನ್ನೋ ನೆನಪೇ ಇರುವುದಿಲ್ಲ. ಓದಿದವರೂ ಹೀಗೆ ಎಡವುತ್ತಾರೆ.

ಅದಕ್ಕೇ ಪ್ರಿನ್ಸಿಪಾಲರ ಮಾತಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಯಾರನ್ನು ಬೇಕಾದರೂ" ಅನ್ನೋದು. ಅನುಮಾನ ಬಂದವರನ್ನು ಮಾತ್ರ ಕರೆದರೆ ಅದು ವಿಚಾರಣೆ ಆಗುತ್ತದೆ. ಹಾಜರಿ ಪುಸ್ತಕದಿಂದ ಚೀಟಿ ಎತ್ತಿ ಪ್ರತಿ ಸಲ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದರೆ ಅದು ಪಾಠದ ಭಾಗವಾಗುತ್ತದೆ. ಹೆಡ್‌ಮಾಸ್ಟರ್ ಸರ್ ಕೇಳಿದ ಭಯವೂ ಅಲ್ಲೇ ಇದೆ. ನಾನು ಬರೆದದ್ದರ ಬಗ್ಗೆ ನನ್ನನ್ನು ಕೇಳಬಹುದು ಅಂತ ಪ್ರತಿ ಮಗುವಿಗೂ ಗೊತ್ತಿರುತ್ತದೆ.

ಹಳೇ_ಹೆಡ್‌ಮಾಸ್ಟರ್

ಆ ಭಾಗ ನಾನು ಸರಿಯಾಗಿ ಗಮನಿಸಿರಲಿಲ್ಲ. ಯಾರನ್ನು ಬೇಕಾದರೂ ಕೇಳುತ್ತೇವೆ ಅಂತ ಹೇಳಿ ನಿಜವಾಗಿಯೂ ಕೇಳಿದರೆ ಒಪ್ಪುತ್ತೇನೆ. ಆದರೆ ಒಂದು ಸೆಕ್ಷನ್‌ನಲ್ಲಿ ಅರವತ್ತು ಮಕ್ಕಳಿರುವ ಶಾಲೆಯಲ್ಲಿ ಐದೈದು ನಿಮಿಷ ಅಂದರೆ ಎಲ್ಲರನ್ನೂ ಕೇಳೋಕ್ಕೆ ಐದು ಗಂಟೆ ಬೇಕು. ಒಂದು ತಿಂಗಳು ಮಾಡಿ ಬಿಟ್ಟುಬಿಡುತ್ತಾರೆ. ಬಿಟ್ಟ ದಿನ ಮಕ್ಕಳಿಗೆ ಗೊತ್ತಾಗುತ್ತದೆ. ಸಾಫ್ಟ್‌ವೇರ್ ನಂಬಲ್ಲ ಅಂತ ಹೇಳಿಯಾಗಿದೆ, ಕೇಳುವುದನ್ನೂ ಬಿಟ್ಟರೆ ಉಳಿಯುವುದೇನು? ಇದನ್ನು ಅವರಿಗೆ ಮುಟ್ಟಿಸಿ.

ಇಂಗ್ಲಿಷ್_ಟೀಚರ್_ತುಮಕೂರು

ಮುಟ್ಟಿಸುತ್ತೇನೆ ಸರ್. ನಮ್ಮಲ್ಲಿ ಸೆಕ್ಷನ್‌ಗೆ ನಲವತ್ತು ಮಕ್ಕಳು, ಆದರೂ ನಿಮ್ಮ ಮಾತು ನಿಜ.

ಸೋಮವಾರದ ನಂತರ ಏನು ಮಾಡಿದೆ ಅಂತ ಹೇಳುತ್ತೇನೆ. ಪ್ರಬಂಧದ ಮೊದಲ ಅರ್ಧವನ್ನು ಕ್ಲಾಸಿನಲ್ಲೇ ಕೈಯಲ್ಲಿ ಬರೆಸಿದೆ. ಕೆರೆ ಬಗ್ಗೆ ತಮಗೆ ಗೊತ್ತಿರುವ ಹತ್ತು ವಿಷಯ, ಕನ್ನಡದಲ್ಲಿ ಬೇಕಾದರೂ ಸರಿ. ಆ ಹಾಳೆಯನ್ನು ನಾನೇ ಇಟ್ಟುಕೊಂಡೆ. ಮನೆಯಿಂದ ಬಂದ ಪ್ರಬಂಧವನ್ನು ಅದರ ಪಕ್ಕದಲ್ಲಿಟ್ಟು ಓದಿದೆ. ತೂಬು, ಏರಿ, ಕೋಡಿ ಅಂತ ಕ್ಲಾಸಿನಲ್ಲಿ ಬರೆದವರ ಪ್ರಬಂಧದಲ್ಲಿ ಅವು ಒಡ್ಡೊಡ್ಡು ಇಂಗ್ಲಿಷ್‌ನಲ್ಲಾದರೂ ಬಂದಿದ್ದವು. ಯಂತ್ರದ ಹತ್ತಿರ ಬರೆಸಿದಂತೆ ಕಾಣುವವುಗಳಲ್ಲಿ ಕೆರೆಯ ಹೆಸರು ಬಿಟ್ಟರೆ ಆ ಊರಿನದ್ದು ಏನೂ ಇರಲಿಲ್ಲ. ಒಂದರಲ್ಲಿ ಕೆರೆಯಲ್ಲಿ ದೋಣಿ ವಿಹಾರ ಇದೆ ಅಂತಿತ್ತು. ಆ ಕೆರೆ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಕೇಳಿದಾಗ ಹುಡುಗ ತಕ್ಷಣ ಒಪ್ಪಿಕೊಂಡ, ಕ್ಲಾಸಿನಲ್ಲಿ ಕೂತು ಮತ್ತೆ ಬರೆದ.

ನನಗೆ ಬಗೆಹರಿಯದ್ದು ಒಂದಿದೆ. ಒಬ್ಬ ಹುಡುಗಿಯ ಪ್ರಬಂಧಕ್ಕೆ ಆ ತಾಣದಲ್ಲಿ ಸೊನ್ನೆ ಬಂದಿತ್ತು. ಚೆನ್ನಾಗಿಯೂ ಇದೆ. ಚೀಟಿಯಲ್ಲಿ ಅವಳ ಹೆಸರು ಬಂತು, ಕೂರಿಸಿ ಕೇಳಿದೆ. ತಾನೇ ಬರೆದ ಎರಡು ಪದಗಳ ಅರ್ಥ ಹೇಳೋಕ್ಕೆ ಆಗಲಿಲ್ಲ. ಆದರೆ ಅವಳು ಕ್ಲಾಸಿನಲ್ಲೂ ಬಾಯಿ ಬಿಡುವುದಿಲ್ಲ. ನನ್ನ ಮುಂದೆ ಕೂತರೆ ಹೆಸರು ಕೇಳಿದರೂ ತಡವರಿಸುತ್ತಾಳೆ. ಬರೆಸಿಕೊಂಡಳಾ, ಹೆದರಿದಳಾ?

ಇಬ್ಬರು_ಮಕ್ಕಳ_ಅಮ್ಮ

ಮೇಡಂ, ದಯವಿಟ್ಟು ಅವಳ ಮೇಲೆ ಹಾಕಬೇಡಿ. ನನ್ನ ಮಗಳೂ ಹಾಗೇ ಕೂರುತ್ತಾಳೆ. ಡಿಕ್ಷನರಿ ನೋಡಿ ಬರೆದ ಪದ ಒಂದು ವಾರಕ್ಕೆ ಮರೆತುಹೋಗುತ್ತದೆ. ನನಗೂ ಮರೆಯುತ್ತದೆ.

ಕಾಲೇಜು_ಲೈಬ್ರರಿ

ಮಾತಾಡಿಸಿ ನೋಡುವುದಕ್ಕೂ ಮಿತಿ ಇದೆ, ನಿಮ್ಮ ಹುಡುಗಿ ಅದಕ್ಕೆ ಉದಾಹರಣೆ. ಮಾತಿನಲ್ಲಿ ಚುರುಕಾದವನು ಯಂತ್ರ ಬರೆದದ್ದನ್ನು ಒಂದು ಸಲ ಓದಿ ಬಂದು ಚೆನ್ನಾಗಿ ಹೇಳಿಬಿಡಬಹುದು. ನಾಚಿಕೆಯವರು ತಮ್ಮದೇ ಬರಹದ ಮುಂದೆ ಮೂಕರಾಗಬಹುದು. ಪದದ ಅರ್ಥ ಕೇಳುವುದಕ್ಕಿಂತ, ಇದನ್ನು ಯಾಕೆ ಸೇರಿಸಿದೆ, ಯಾವುದನ್ನು ಬರೆದು ತೆಗೆದುಹಾಕಿದೆ ಅಂತ ಬರವಣಿಗೆಯಲ್ಲೇ ಉತ್ತರ ಕೇಳಿ. ಕನ್ನಡದಲ್ಲಿ ಬರೆಯಲಿ.

ಅವಳು ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿದ್ದರೆ ಇನ್ನೊಂದು ದಾರಿ ಇದೆ. ಕಂಪ್ಯೂಟರಿನಲ್ಲಿ ತೆರೆದು `File > Version history > See version history` ಒತ್ತಿದರೆ ಬರಹ ಹೇಗೆ ಬೆಳೆಯಿತು ಅಂತ ಕಾಣುತ್ತದೆ. ತಾನೇ ಬರೆದವರದ್ದು ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪವಾಗಿ, ಅಳಿಸಿ ತಿದ್ದಿ ಬೆಳೆದಿರುತ್ತದೆ. ಅಂಟಿಸಿದ್ದು ಒಂದೇ ಸಲಕ್ಕೆ ಪೂರ್ತಿ ಬಂದಿರುತ್ತದೆ. ಇದರಲ್ಲೂ ಎಚ್ಚರ ಬೇಕು. ನೋಟ್‌ಬುಕ್ಕಿನಲ್ಲಿ ಬರೆದು ಆಮೇಲೆ ಟೈಪ್ ಮಾಡಿದ ಮಗುವಿನದ್ದೂ ತಿದ್ದುಪಡಿ ಇಲ್ಲದೆ ನೇರವಾಗಿ ಬಂದಿರುತ್ತದೆ. ಆಗ ನೋಟ್‌ಬುಕ್ ಕೇಳಿ. ಇದನ್ನೂ ತಪ್ಪು ಮಾಡದವರು ತೋರಿಸಿಕೊಳ್ಳುವುದಕ್ಕೆ ಬಳಸಿ. ತೋರಿಸದವರು ತಪ್ಪಿತಸ್ಥರು ಅಂತ ತೀರ್ಮಾನ ಮಾಡಬೇಡಿ.

ಕೋಡ್_ಬರೆಯುವವ

ಕನ್ನಡ ಪ್ರಬಂಧಕ್ಕೆ ಏನು ಮಾಡುತ್ತೀರಿ? ಇಂಗ್ಲಿಷ್ ಟೂಲ್‌ಗೆ ಕನ್ನಡ ಹಾಕಿದರೂ ನಂಬರ್ ಬರುತ್ತಲ್ಲ.

ಗಣಿತ_ಮೇಷ್ಟ್ರು

ಬರುತ್ತದೆ, ಆದರೆ ಅದಕ್ಕೆ ಬೆಲೆ ಇಲ್ಲ. ಇಂಗ್ಲಿಷ್ ಬರಹದ ಮೇಲೆ ತಯಾರು ಮಾಡಿದ ಸಾಧನಕ್ಕೆ ಕನ್ನಡದಲ್ಲಿ ಮುಂದಿನ ಪದ ಯಾವುದು ಸಹಜ ಅಂತ ಏನು ಗೊತ್ತು? ಓಪನ್‌ಎಐ ಕೂಡ ತನ್ನ ಸಾಧನವನ್ನು ಇಂಗ್ಲಿಷ್‌ಗೆ ಮಾತ್ರ ಬಳಸಿ ಅಂತ ಹೇಳಿತ್ತು. ಕೈಬರಹದ ಪ್ರಾಜೆಕ್ಟ್‌ಗಳಿಗಂತೂ ಇದು ಯಾವುದೂ ಅನ್ವಯಿಸಲ್ಲ. ಯಂತ್ರ ಕೊಟ್ಟದ್ದನ್ನು ನೋಡಿಕೊಂಡು ದುಂಡಗೆ ಬರೆದು ಕೊಡುತ್ತಾರೆ. ಅಲ್ಲಿಗೆ ನಿಮ್ಮ ಪ್ರಿನ್ಸಿಪಾಲರ ಐದು ನಿಮಿಷವೇ ಗತಿ.

ಇಂಗ್ಲಿಷ್_ಟೀಚರ್_ತುಮಕೂರು

ಲೆಕ್ಕಕ್ಕೆ ಧನ್ಯವಾದ ಸರ್. 200 ಪ್ರಬಂಧದ ಆ ಉದಾಹರಣೆಯನ್ನು ಶನಿವಾರದ ಮೀಟಿಂಗ್‌ನಲ್ಲಿ ಬೋರ್ಡ್ ಮೇಲೆ ಬರೆಯುತ್ತೇನೆ. ಹೆಡ್‌ಮಾಸ್ಟರ್ ಸರ್ ಹೇಳಿದ ಐದು ಗಂಟೆಯನ್ನೂ ಅದರ ಪಕ್ಕದಲ್ಲೇ ಬರೆಯುತ್ತೇನೆ. ಟೈಮ್‌ಟೇಬಲ್‌ನಲ್ಲಿ ಜಾಗ ಕೊಡದೆ ಮೇಡಂ ಮಾತು ನಡೆಯುವುದಿಲ್ಲ.

ಆ ಹುಡುಗಿಗೆ ಸದ್ಯಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದೇನೆ. ಮುಂದಿನ ಬರವಣಿಗೆಗೆ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟು ಬರೆದೇ ಉತ್ತರ ಕೊಡು ಅನ್ನುತ್ತೇನೆ. ಸೊನ್ನೆ ಹಾಕಬೇಕು ಅಂದಿದ್ದ ಮೇಷ್ಟ್ರು ಆ ನೀರುಗಂಟಿ ತಾತನ ಮೊಮ್ಮಗನ ಹತ್ತಿರ ಇನ್ನೂ ಮಾತಾಡಿಲ್ಲ. ಅವರು ಹುಡುಗನಿಗೆ ಏನಾದರೂ ಹೇಳಬೇಕಾ, ಹೇಳಿದರೆ ಕ್ಲಾಸಿನ ಮುಂದೆ ಹೇಳಬೇಕಾ ಅಂತ ಸ್ಟಾಫ್ ರೂಮಿನಲ್ಲಿ ಮಾತು ನಡೆದಿದೆ. ನನ್ನ ಪ್ರಕಾರ ಕ್ಲಾಸಿನ ಮುಂದೆಯೇ ಹೇಳಬೇಕು. ಆರೋಪ ಬಂದದ್ದು ಕ್ಲಾಸಿಗೆಲ್ಲ ಗೊತ್ತಿತ್ತು.